ಡ್ರಾಬ್ಯಾಕ್: ಒಂದು ಆಯ್ಕೆಗೆ 80 ಸಾವಿರ ಖೋತಾ

ಮಾನ್ಯ ಸಂಪಾದಕರೇ,

ಆಮದು ಮಾಡಿದ ಸಾಮಗ್ರಿಯಿಂದ ಸರಕು ತಯಾರಿಸಿ ರಫ್ತು ಮಾಡುವವರಿಗೆ ಸಿಗಬೇಕಾದ ಸುಂಕ ವಾಪಸಿ, ಅಂದರೆ ಡ್ರಾಬ್ಯಾಕ್, ರಫ್ತಿಗೆಂದು ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್ ತುಂಬುವಾಗ ಆಗುವ ಒಂದು ತಪ್ಪಿನಿಂದ ಕೈತಪ್ಪುತ್ತಿದೆ.

ನಾನು ಪೀಣ್ಯದ ಸಣ್ಣ ಗಾರ್ಮೆಂಟ್ಸ್‌ ಒಂದರಲ್ಲಿ ಲೆಕ್ಕ ನೋಡಿಕೊಳ್ಳುವವನು. ಜಾಕೆಟ್‌ಗಳಿಗೆಂದು ಹೊರದೇಶದಿಂದ ಜಿಪ್, ಲೈನಿಂಗ್ ಬಟ್ಟೆ ತರಿಸಿದ್ದೆವು. ಕಟ್ಟಿದ ಕಸ್ಟಮ್ಸ್ ಸುಂಕ 2 ಲಕ್ಷ ರೂಪಾಯಿ. (ಐಜಿಎಸ್‌ಟಿ ಬೇರೆ, ಅದು ಜಿಎಸ್‌ಟಿ ದಾರಿಯಲ್ಲೇ ಬರುತ್ತದೆ.) ಜಾಕೆಟ್ ರಫ್ತಾದಾಗ ನಮ್ಮ ಏಜೆಂಟರು ಎಂದಿನಂತೆ, ಎಲ್ಲರಿಗೂ ಒಂದೇ ಆದ ಸಾಮಾನ್ಯ ದರದಲ್ಲಿ ಡ್ರಾಬ್ಯಾಕ್ ಕೇಳಿದರು. ಬಂದದ್ದು 1.2 ಲಕ್ಷ.

2017ರ ಡ್ರಾಬ್ಯಾಕ್ ನಿಯಮಾವಳಿಯ 7ನೇ ನಿಯಮ ಇಂಥವರಿಗಾಗಿಯೇ ಇದೆ. ಸಾಮಾನ್ಯ ದರದಲ್ಲಿ ಸಿಗುವ ಹಣ ಕಟ್ಟಿದ ಸುಂಕದ ಐದರಲ್ಲಿ ನಾಲ್ಕು ಪಾಲಿಗಿಂತ ಕಡಿಮೆ ಇದ್ದರೆ, ಬಿಲ್‌ಗಳನ್ನು ತೋರಿಸಿ ಮೂರು ತಿಂಗಳೊಳಗೆ, ನಿಜಕ್ಕೂ ಕಟ್ಟಿದ ಸುಂಕದ ಲೆಕ್ಕದಲ್ಲಿ ಗೊತ್ತುಮಾಡುವ 'ಬ್ರ್ಯಾಂಡ್ ದರ' ಕೇಳಬಹುದು. ನಮ್ಮ ಲೆಕ್ಕದಲ್ಲಿ ಆ ಮಿತಿ 1.6 ಲಕ್ಷ. ಅರ್ಹತೆ ಇತ್ತು. ಆದರೆ ಸಾಮಾನ್ಯ ದರ ಒಮ್ಮೆ ಕೇಳಿದ ಮೇಲೆ ಈ ಬಾಗಿಲು ಮುಚ್ಚುತ್ತದೆ ಎಂದು ಅದೇ ನಿಯಮ ಹೇಳುತ್ತದೆ! 80 ಸಾವಿರ ಸುಮ್ನೆ ಹೋಯಿತು.

ದೊಡ್ಡ ಕಂಪನಿಗಳು ಕಸ್ಟಮ್ಸ್ ಲೈಸೆನ್ಸ್ ಪಡೆದ ಬಾಂಡೆಡ್ ಗೋದಾಮಿನಲ್ಲೇ ತಯಾರಿಸಿ, ಮೊದಲಿಗೆ ಸುಂಕವನ್ನೇ ಕಟ್ಟದೆ ಪಾರಾಗುತ್ತವೆ. ನಮ್ಮಂಥವರಿಗೆ ಅದರ ಲೈಸೆನ್ಸ್, ಬಾಂಡು, ದಾಸ್ತಾನು ಲೆಕ್ಕದ ತಾಪತ್ರಯ ಜಾಸ್ತಿ ಅಲ್ವಾ?

ಸಾಮಾನ್ಯ ದರ ಪಡೆದವರೂ ಮೂರು ತಿಂಗಳೊಳಗೆ ಬಾಕಿ ವ್ಯತ್ಯಾಸ ಕೇಳುವಂತೆ ಕೇಂದ್ರ ಸರ್ಕಾರ 7ನೇ ನಿಯಮವನ್ನು ತಿದ್ದಲಿ.

– ಓದುಗ, ಬೆಂಗಳೂರು