ಔಟ್‌ಲುಕ್ ಹ್ಯಾಂಗ್ ಆಗೋದಕ್ಕೆ ಮೂರು ಸಲ ಬಂದು ಹೋಗಿದ್ದೀರಿ, ಮೂಲ ಕಾರಣ ಮಾತ್ರ ಹಾಗೇ ಇದೆ

ಸರ್ವೀಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ತುಮಕೂರಿನ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿಂದ ಬರೀತಿದ್ದೀನಿ, ನಮ್ಮ 4 ಕಂಪ್ಯೂಟರ್‌ಗಳ ಎಎಂಸಿ ನಿಮ್ಮ ಹತ್ರನೇ ಇದೆ. ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಪ್ರತಿ ಸಲ ಬೇರೆ ಬೇರೆಯವರು ಫೋನ್ ಎತ್ತುತ್ತಾರೆ, ಮೊದಲಿಂದ ಕಥೆ ಹೇಳ್ಬೇಕು, ಅದಕ್ಕೆ ಈ ಸಲ ಎಲ್ಲಾ ಬರೆದೇ ಕಳಿಸ್ತಿದ್ದೀನಿ. ದಯವಿಟ್ಟು ಪೂರ್ತಿ ಓದಿ.

ಮುಂದಿನ ಟೇಬಲ್‌ನ ಮೇನ್ ಕಂಪ್ಯೂಟರಲ್ಲಿ ಔಟ್‌ಲುಕ್ ಓಪನ್ ಆಗೋಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ನಾನೇ ಗಡಿಯಾರ ನೋಡಿ ಬರೆದಿಟ್ಟಿದ್ದು, 5 ನಿಮಿಷ 40 ಸೆಕೆಂಡ್. ಓಪನ್ ಆದ್ಮೇಲೂ ಒಂದು ಮೇಲ್ ಮೇಲೆ ಕ್ಲಿಕ್ ಮಾಡಿದ್ರೆ ಸ್ಕ್ರೀನ್ ಬೆಳ್ಳಗಾಗಿ ಮೇಲುಗಡೆ Not Responding ಅಂತ ಬರುತ್ತೆ, 15-20 ಸೆಕೆಂಡ್ ಏನೂ ಮಾಡೋಕಾಗಲ್ಲ. ಹೋದ ತಿಂಗಳು 20ನೇ ತಾರೀಖು, ಜಿಎಸ್‌ಟಿ 3ಬಿ ರಿಟರ್ನ್ ಫೈಲ್ ಮಾಡೋ ಕೊನೇ ದಿನ, ಒಬ್ಬ ಪಾರ್ಟಿ ಸಂಜೆ ಪರ್ಚೇಸ್ ಬಿಲ್ ಕಳ್ಸಿದ್ರು, ಆ ಮೇಲ್ ಬಂದಿದೆ ಅಂತ ಕಾಣಿಸ್ತಿದೆ ಆದ್ರೆ ಅಟ್ಯಾಚ್‌ಮೆಂಟ್ ಓಪನ್ ಆಗ್ತಿಲ್ಲ, ಕೊನೆಗೆ ಅವರಿಗೆ ಫೋನ್ ಮಾಡಿ ವಾಟ್ಸಾಪಲ್ಲಿ ಫೋಟೋ ತರಿಸ್ಕೊಂಡು ಒಂದೊಂದೇ ಎಂಟ್ರಿ ಹೊಡೆದ್ವಿ. ಲೇಟ್ ಆಗಿದ್ರೆ ಲೇಟ್ ಫೀ ಯಾರು ಕಟ್ಟೋದು ಸರ್? ಪಾರ್ಟಿ ನಮ್ಮನ್ನೇ ಕೇಳ್ತಾರೆ.

ಹ್ಯಾಂಗ್ ಆದಾಗ ನಮ್ಮ ಹುಡುಗರು ಟಾಸ್ಕ್ ಮ್ಯಾನೇಜರ್‌ಗೆ ಹೋಗಿ End task ಕೊಟ್ಟು ಮತ್ತೆ ಓಪನ್ ಮಾಡ್ತಿದ್ರು. ಆಮೇಲೆ ಗೊತ್ತಾಯ್ತು, ಹಾಗೆ ಮಾಡಿದ್ರೆ ಮುಂದಿನ ಸಲ ಡೇಟಾ ಫೈಲ್ ಸರಿಯಾಗಿ ಕ್ಲೋಸ್ ಆಗಿಲ್ಲ, ಚೆಕ್ ಮಾಡ್ತಿದ್ದೀನಿ ಅಂತ ಔಟ್‌ಲುಕ್ಕೇ ಒಂದು ಮೆಸೇಜ್ ತೋರಿಸಿ ಇಡೀ ಫೈಲ್ ಚೆಕ್ ಮಾಡೋಕೆ ಕೂತ್ಕೊಳುತ್ತೆ, ಅದು ಮುಗಿಯೋವರೆಗೂ ಇನ್ನೂ ಸ್ಲೋ, ಸ್ಲೋ ಅಂತ ಮತ್ತೆ End task, ಮತ್ತೆ ಚೆಕ್. ನಿಮ್ಮ ಎಂಜಿನಿಯರ್ ಮೂರು ಸಲ ಬಂದಿದ್ದಾರಲ್ಲ, ಹೀಗೆ ಮಾಡ್ಬೇಡಿ ಅಂತ ಒಂದು ಮಾತು ಹೇಳಿದ್ರೆ ಎಷ್ಟೋ ಸಂಕಟ ತಪ್ತಿತ್ತು.

ಮೂರು ಸಲದಲ್ಲಿ ಆಗಿದ್ದೇನು ಅಂದ್ರೆ, ಮೊದಲ ಸಲ ಮಾರ್ಚಲ್ಲಿ ಬಂದು ವಿಂಡೋಸ್ ಫಾರ್ಮ್ಯಾಟ್ ಮಾಡಿದ್ರು, ಹೊಸ ಪಿಎಸ್‌ಟಿ ಫೈಲ್ ಮಾಡಿ ಹಳೇದರಲ್ಲಿದ್ದ ಫೋಲ್ಡರ್ ಎಲ್ಲಾ ಅದಕ್ಕೆ ಕಾಪಿ ಮಾಡಿ ಹೋದ್ರು. ಎರಡನೇ ಸಲ 8 ಜಿಬಿ ರ‍್ಯಾಮ್ ಸಾಲ್ದು ಅಂತ 16 ಜಿಬಿ ಮಾಡಿ 3,200 ರೂಪಾಯಿ ಬಿಲ್ ಹಾಕಿದ್ರು. ಮೂರನೇ ಸಲ ಬಂದಾಗ ಫೈಲ್ ಸೈಜ್ ಲಿಮಿಟ್ಟಿಗೆ ಹತ್ರ ಬಂದಿದೆ, ರಿಜಿಸ್ಟ್ರಿಯಲ್ಲಿ ಲಿಮಿಟ್ ಜಾಸ್ತಿ ಮಾಡಿಕೊಡ್ತೀನಿ ಅಂದ್ರು, ನಾನು ಬೇಡ ಅಂದೆ. ಅಂದ್ರೆ ಫೈಲ್ ದೊಡ್ಡದಾಗಿದೆ ಅಂತ ಅವರಿಗೆ ಗೊತ್ತಿತ್ತು, ಅದನ್ನ ಚಿಕ್ಕದು ಮಾಡೋ ಬದಲು ಇನ್ನೂ ದೊಡ್ಡದಾಗೋಕೆ ದಾರಿ ಮಾಡಿಕೊಡೋಕೆ ಹೊರಟಿದ್ರು. ಇದು ನನಗೆ ತುಂಬಾ ಬೇಜಾರಾದ ವಿಷಯ.

ಅದಾದ್ಮೇಲೆ ಒಂದು ಶನಿವಾರ ಆಫೀಸ್ ಮುಗಿಸಿ ನಾನೇ ಕೂತೆ. ಮೊದಲು ಸೇಫ್ ಮೋಡಲ್ಲಿ ಓಪನ್ ಮಾಡಿದೆ, ವಿಂಡೋಸ್ ಕೀ ಮತ್ತೆ R ಒತ್ತಿ ಇದನ್ನ ಟೈಪ್ ಮಾಡಿದ್ರೆ ಸಾಕು:

```
outlook.exe /safe
```

ಹೀಗೆ ಓಪನ್ ಮಾಡಿದ್ರೆ ಆಡ್-ಇನ್ ಯಾವುದೂ ಲೋಡ್ ಆಗಲ್ಲ. 1 ನಿಮಿಷ 10 ಸೆಕೆಂಡಿಗೆ ಓಪನ್ ಆಯ್ತು! ಆದ್ರೆ ಇನ್‌ಬಾಕ್ಸ್ ಮೇಲೆ ಕ್ಲಿಕ್ ಮಾಡಿದಾಗ, ಒಂದು ಮೇಲ್ ಡಿಲೀಟ್ ಮಾಡಿದಾಗ, ಮೊದಲಿನ ಥರಾನೇ 15 ಸೆಕೆಂಡ್ ಬಿಳೀ ಸ್ಕ್ರೀನ್. ಅಲ್ಲಿಗೆ ಇರೋದು ಒಂದಲ್ಲ, ಎರಡು ತೊಂದರೆ ಅಂತ ಗೊತ್ತಾಯ್ತು. ಓಪನ್ ಆಗೋಕೆ ತಡ ಆಗ್ತಿರೋದು ಹೆಚ್ಚಿನಂಶ ಆಡ್-ಇನ್‌ಗಳಿಂದ, ಓಪನ್ ಆದ್ಮೇಲೆ ಹ್ಯಾಂಗ್ ಆಗ್ತಿರೋದು ಫೈಲ್‌ನಿಂದ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು ಸರ್, ಫಾರ್ಮ್ಯಾಟ್‌ಗೆ ಒಂದಿಡೀ ದಿನ ನಮ್ಮ ಕಂಪ್ಯೂಟರ್ ನಿಂತಿತ್ತು.

ಆಡ್-ಇನ್ ವಿಷಯ ಮೊದಲು ಹೇಳ್ತೀನಿ. ಔಟ್‌ಲುಕ್ ಪ್ರತಿ ಸಲ ಶುರುವಾದಾಗ ಯಾವ ಆಡ್-ಇನ್ ಎಷ್ಟು ಹೊತ್ತು ತಗೊಂಡಿತು ಅಂತ ವಿಂಡೋಸ್‌ನ ಇವೆಂಟ್ ವ್ಯೂವರಲ್ಲಿ ಬರೆದಿಡುತ್ತೆ, Application ಲಾಗಲ್ಲಿ ಔಟ್‌ಲುಕ್ ಹೆಸರಲ್ಲಿ Event ID 45 ಅಂತ ಇರುತ್ತೆ. ಒಂದೊಂದರ ಕೆಳಗೂ Boot Time (Milliseconds) ಅಂತ ಒಂದು ನಂಬರ್. ನಮ್ಮದರಲ್ಲಿ ಐದು ಆಡ್-ಇನ್ ಇದ್ವು, ಪಿಡಿಎಫ್‌ದು, ಮೀಟಿಂಗ್‌ದು ಎಲ್ಲಾ ಪರವಾಗಿಲ್ಲ, ಆದ್ರೆ ಆಂಟಿವೈರಸ್ ಮೇಲ್ ಸ್ಕ್ಯಾನ್‌ದು 41,000, ನೀವು ಹಾಕಿದ ಬ್ಯಾಕಪ್ ಆಡ್-ಇನ್‌ದು 1,63,000. ಅಂದ್ರೆ ನಿಮ್ಮದೊಂದೇ 163 ಸೆಕೆಂಡ್! ಆ ಬ್ಯಾಕಪ್ ಸೆಟ್ಟಿಂಗ್ ತೆಗೆದು ನೋಡಿದ್ರೆ ಒಳಗೆ ಹಳೇ ಸರ್ವರ್ ಅಡ್ರೆಸ್ ಇದೆ, ಆ ಸರ್ವರ್ ಡಬ್ಬಾನ ನಾವು ಎರಡು ವರ್ಷದ ಹಿಂದೇನೇ ತೆಗೆದು ನಿಮಗೇ ಬೈಬ್ಯಾಕ್ ಕೊಟ್ಟಿದ್ವಿ. ಇಲ್ಲದಿರೋ ಮಷೀನ್‌ನ ಹುಡುಕ್ಕೊಂಡು ದಿನಾ ಬೆಳಿಗ್ಗೆ ಕಾಯ್ತಾ ಕೂತಿರುತ್ತೆ ಅಂತ ನನಗನ್ಸುತ್ತೆ.

ಇಷ್ಟು ಸ್ಲೋ ಇದ್ರೆ ಔಟ್‌ಲುಕ್ ತಾನೇ ಅದನ್ನ ಆಫ್ ಮಾಡ್ಬೇಕಿತ್ತು, 2013ರ ವರ್ಷನ್ ಇಂದ ಆ ವ್ಯವಸ್ಥೆ ಇದೆ, ಶುರುವಾಗೋಕೆ ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಜಾಸ್ತಿ ತಗೊಳ್ಳೋ ಆಡ್-ಇನ್‌ನ ಕೆಲವು ಸಲ ನೋಡಿ ನಿಲ್ಲಿಸಿಬಿಡುತ್ತೆ. ನಮ್ಮಲ್ಲಿ ಯಾಕೆ ನಿಲ್ಲಿಸಿಲ್ಲ ಅಂತ File ಮೆನು, Info ಒಳಗೆ ಸ್ಲೋ ಆಡ್-ಇನ್ ಲಿಸ್ಟ್ ನೋಡಿದೆ. ಅದು ನಿಂತಿತ್ತು, ಆದ್ರೆ ಯಾರೋ Always enable this add-in ಕೊಟ್ಟು ಮತ್ತೆ ಎಬ್ಬಿಸಿದ್ದಾರೆ. ನಮ್ಮ ಆಫೀಸಲ್ಲಿ ಅದನ್ನ ಮುಟ್ಟೋರು ಯಾರೂ ಇಲ್ಲ.

ಸರಿ ಅಂತ COM Add-ins ಲಿಸ್ಟಲ್ಲಿ ಟಿಕ್ ತೆಗೆಯೋಕೆ ಹೋದ್ರೆ, HKEY_LOCAL_MACHINE ಅಲ್ಲಿ ರಿಜಿಸ್ಟರ್ ಆಗಿರೋದನ್ನ ಬದಲಾಯಿಸೋಕಾಗಲ್ಲ ಅಂತ ಬಂತು. ಅದು ಇಡೀ ಕಂಪ್ಯೂಟರಿಗೆ ಅಂತ ಹಾಕಿರೋ ಆಡ್-ಇನ್, ಸಾಮಾನ್ಯ ಯೂಸರ್ ತೆಗೆಯೋ ಹಾಗಿಲ್ಲ. ಔಟ್‌ಲುಕ್ ಕ್ಲೋಸ್ ಮಾಡಿ, ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ Run as administrator ಅಲ್ಲಿ ಓಪನ್ ಮಾಡಿದ್ಮೇಲೆ ಟಿಕ್ ಹೋಯ್ತು. ಆಂಟಿವೈರಸ್ ಮೇಲ್ ಆಡ್-ಇನ್‌ನೂ ಹಾಗೇ ತೆಗೆದೆ, ಅಟ್ಯಾಚ್‌ಮೆಂಟ್ ಸೇವ್ ಮಾಡಿದಾಗ ಆಂಟಿವೈರಸ್ ಹೇಗೂ ನೋಡುತ್ತೆ. ಇವೆರಡು ತೆಗೆದ್ಮೇಲೆ ಎರಡು ನಿಮಿಷ ಚಿಲ್ಲರೆಗೆ ಓಪನ್ ಆಗ್ತಿದೆ.

ಇನ್ನು ಫೈಲ್. ಪಿಎಸ್‌ಟಿ ಸೈಜ್ 46 ಜಿಬಿ ಇತ್ತು ಸರ್. 2016ರಿಂದ ಬಂದಿರೋ ಮೇಲ್, ಹೋಗಿರೋ ಮೇಲ್, ಅಟ್ಯಾಚ್‌ಮೆಂಟ್ ಎಲ್ಲಾ ಆ ಒಂದೇ ಫೈಲಲ್ಲಿ. 2010ರ ನಂತರದ ಔಟ್‌ಲುಕ್‌ಗಳಲ್ಲಿ ಇದರ ಲಿಮಿಟ್ 50 ಜಿಬಿ, ಅದು ಮುಟ್ಟಿದ್ರೆ ಹೊಸ ಮೇಲ್ ಒಳಗೇ ಬರಲ್ಲ. ಆದ್ರೆ 50 ಮುಟ್ಟೋವರೆಗೂ ಚೆನ್ನಾಗಿರುತ್ತೆ ಅಂತ ಅಲ್ಲ. ಸುಮಾರು 5 ಜಿಬಿ ತನಕ ಸರಿಯಾಗಿ ನಡೆಯುತ್ತೆ, 10 ದಾಟಿದ್ರೆ ಒಳ್ಳೆ ಮಷೀನಲ್ಲೂ ಮಧ್ಯೆ ಮಧ್ಯೆ ನಿಲ್ಲುತ್ತೆ, 25 ದಾಟಿದ್ಮೇಲೆ ಅದು ಪದೇ ಪದೇ ಆಗುತ್ತೆ. ನಮ್ಮದು ಹಳೇ ಹಾರ್ಡ್‌ಡಿಸ್ಕ್ ಬೇರೆ, ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಅರ್ಧಾನೂ ತುಂಬಿಲ್ಲ, ಡಿಸ್ಕ್ ಮಾತ್ರ 100 ಪರ್ಸೆಂಟ್ ಅಂತ ಕೆಂಪಗಿರುತ್ತೆ. ಇದನ್ನ ನೋಡಿದ್ಮೇಲೂ ರ‍್ಯಾಮ್ ಹಾಕಿದ್ಯಾಕೆ ಅಂತ ನನ್ನ ಪ್ರಶ್ನೆ.

ನಾನು ಸೈಜ್ ಪ್ರಕಾರ ಸಾರ್ಟ್ ಮಾಡಿ ಹಳೇ ದೊಡ್ಡ ಅಟ್ಯಾಚ್‌ಮೆಂಟ್ ಇದ್ದ ಬೇಡದ ಮೇಲ್‌ಗಳನ್ನ ಡಿಲೀಟ್ ಮಾಡಿ, ಡಿಲೀಟೆಡ್ ಫೋಲ್ಡರ್ ಕೂಡ ಖಾಲಿ ಮಾಡಿದೆ, ಸುಮಾರು 9 ಜಿಬಿ. ಫೈಲ್ ನೋಡಿದ್ರೆ ಇನ್ನೂ 46! ಎದೆ ಧಸಕ್ ಅಂತು. ಆಮೇಲೆ ತಿಳೀತು, ಮೇಲ್ ಹೋದ್ರೂ ಫೈಲ್ ಒಳಗೆ ಆ ಜಾಗ ಖಾಲಿಯಾಗಿ ಉಳ್ಕೊಳುತ್ತೆ, ಫೈಲ್ ಕುಗ್ಗಬೇಕು ಅಂದ್ರೆ ಡೇಟಾ ಫೈಲ್ ಸೆಟ್ಟಿಂಗಲ್ಲಿ Compact Now ಕೊಡ್ಬೇಕು. ಶನಿವಾರ ರಾತ್ರಿ ಕೊಟ್ಟು ಹೋದೆ, ಭಾನುವಾರ ಮಧ್ಯಾಹ್ನ ಬಂದು ನೋಡಿದಾಗ ಮುಗಿದಿತ್ತು, 38 ಜಿಬಿ. ಮಧ್ಯದಲ್ಲಿ ಆಫ್ ಮಾಡಬಾರದು ಅಂತ ಸ್ವಿಚ್ ಮೇಲೆ ಚೀಟಿ ಅಂಟಿಸಿದ್ದೆ.

ಈಗ ಮುಖ್ಯವಾದ ದೂರು. 38 ಅನ್ನೋದೂ ಜಾಸ್ತಿನೇ, ಹಾಗಂತ ಹಳೇ ಮೇಲ್ ಬಿಸಾಡೋಕಾಗಲ್ಲ, ನೋಟಿಸ್ ಬಂದಾಗ ಐದಾರು ವರ್ಷದ ಹಿಂದಿನ ಪತ್ರ ಕೇಳ್ತಾರೆ. ಅದಕ್ಕೆ 2021ರ ಏಪ್ರಿಲ್ 1ಕ್ಕಿಂತ ಹಿಂದಿನದೆಲ್ಲಾ ಬೇರೆ ಪಿಎಸ್‌ಟಿಗೆ ಹೋಗ್ಲಿ ಅಂತ ಆರ್ಕೈವ್ ಕೊಟ್ಟೆ. ಒಂದೇ ಒಂದು ಮೇಲೂ ಹೋಗ್ಲಿಲ್ಲ. ಎರಡು ದಿನ ತಲೆ ಕೆಡಿಸ್ಕೊಂಡೆ. ಆರ್ಕೈವ್ ನೋಡೋದು ಮೇಲ್ ಬಂದ ತಾರೀಖೊಂದೇ ಅಲ್ಲ ಸರ್, ಕೊನೇ ಸಲ ಬದಲಾದ ತಾರೀಖನ್ನೂ ನೋಡುತ್ತೆ, ಎರಡರಲ್ಲಿ ಯಾವುದು ಈಚಿನದೋ ಅದನ್ನೇ ಲೆಕ್ಕಕ್ಕೆ ತಗೊಳುತ್ತೆ. ನಿಮ್ಮವರು ಮಾರ್ಚಲ್ಲಿ ಎಲ್ಲಾ ಫೋಲ್ಡರ್ ಕಾಪಿ ಮಾಡಿದ್ರಲ್ಲ, ಆವತ್ತು 2016ರ ಮೇಲ್‌ಗೂ ಬದಲಾದ ತಾರೀಖು ಇದೇ ಮಾರ್ಚ್ ಆಗಿಬಿಟ್ಟಿದೆ. ಅಂದ್ರೆ ಆ ಫಾರ್ಮ್ಯಾಟಿಂದ ಉಪಕಾರ ಆಗದಿದ್ದು ಮಾತ್ರ ಅಲ್ಲ, ಸರಿ ಮಾಡ್ಕೊಳ್ಳೋ ದಾರೀನೂ ಮುಚ್ಚಿಹೋಯ್ತು. ಇದಕ್ಕೆ ಪರಿಹಾರ ಇದೆ, ಈ ಒಂದು ಸೆಟ್ಟಿಂಗ್ ಹಾಕಿದ್ರೆ ಬದಲಾದ ತಾರೀಖು ಬಿಟ್ಟು ಬಂದ ತಾರೀಖನ್ನೇ ನೋಡುತ್ತೆ:

```
HKCU\Software\Microsoft\Office\16.0\Outlook\Preferences
ArchiveIgnoreLastModifiedTime (DWORD) = 1
```

ಆಫೀಸ್ ಪಿಸಿಯ ರಿಜಿಸ್ಟ್ರಿ ನಾನು ಮುಟ್ಟೋದು ಸರಿಯಲ್ಲ ಅಂತ ಇಲ್ಲಿಗೇ ನಿಲ್ಲಿಸಿದ್ದೀನಿ, ನೀವು ದುಡ್ಡು ತಗೊಂಡು ಮಾಡ್ಬೇಕಾದ ಕೆಲಸ ಅದು.

ನಮಗೆ ಬೇಕಾಗಿರೋದು ಇಷ್ಟು. ಈ ಭಾನುವಾರ ಗೊತ್ತಿರೋ ಎಂಜಿನಿಯರ್ ಒಬ್ಬರನ್ನ ಕಳಿಸಿ. ಔಟ್‌ಲುಕ್ ಕ್ಲೋಸ್ ಮಾಡಿ ಆ ಪಿಎಸ್‌ಟಿಯ ಒಂದು ಕಾಪಿ ಹೊರಗಿನ ಡಿಸ್ಕಿಗೆ ತಗೊಂಡ್ಮೇಲೇ ಕೆಲಸ ಶುರು ಮಾಡ್ಲಿ. ಆಮೇಲೆ ಆ ಸೆಟ್ಟಿಂಗ್ ಹಾಕಿ, ಏಪ್ರಿಲಿಂದ ಮಾರ್ಚ್ ಲೆಕ್ಕದಲ್ಲಿ ವರ್ಷಕ್ಕೊಂದು ಫೈಲ್ ಮಾಡಿ, ಈಗ ಓಡ್ತಿರೋ ಫೈಲಲ್ಲಿ ಹೋದ ವರ್ಷದ್ದು ಈ ವರ್ಷದ್ದು ಮಾತ್ರ ಉಳೀಲಿ. ಹಳೇ ವರ್ಷದ ಫೈಲ್‌ಗಳನ್ನ ಔಟ್‌ಲುಕ್ಕಲ್ಲಿ ಸದಾ ಓಪನ್ ಇಡೋದು ಬೇಡ, ಬೇಕಾದಾಗ ನಾವೇ ಓಪನ್ ಮಾಡ್ಕೊತೀವಿ. ಎಲ್ಲಾ ಮುಗಿದ್ಮೇಲೆ ಕಾಂಪ್ಯಾಕ್ಟ್ ಮಾಡಿ ಸೈಜ್ ಎಷ್ಟಾಯ್ತು ಅಂತ ನಮಗೆ ತೋರಿಸಿ ಹೋಗ್ಲಿ. ಬ್ಯಾಕಪ್ ಆಡ್-ಇನ್ ಪೂರ್ತಿ ಅನ್‌ಇನ್‌ಸ್ಟಾಲ್ ಆಗ್ಬೇಕು, ಉಳಿದ ಮೂರು ಕಂಪ್ಯೂಟರಲ್ಲೂ. ಅದರ ಬದಲು ರಾತ್ರಿ ಹೊತ್ತು ಔಟ್‌ಲುಕ್ ಕ್ಲೋಸ್ ಆದ್ಮೇಲೆ ಫೈಲ್ ಕಾಪಿ ಆಗೋ ಹಾಗೆ ಮಾಡಿಕೊಡಿ.

ರ‍್ಯಾಮ್ ದುಡ್ಡು 3,200 ಮತ್ತೆ ಫಾರ್ಮ್ಯಾಟ್‌ಗೆ ಅಂತ ಬೇರೆಯಾಗಿ ಹಾಕಿದ್ದ 800, ಒಟ್ಟು 4,000 ರೂಪಾಯಿ ಮುಂದಿನ ಎಎಂಸಿ ಬಿಲ್ಲಲ್ಲಿ ಕಳೀಬೇಕು ಅಂತ ನಮ್ಮ ಸರ್ ಹೇಳಿದ್ದಾರೆ, ನನಗೂ ಅದೇ ನ್ಯಾಯ ಅನ್ಸುತ್ತೆ. Event ID 45ರ ಸ್ಕ್ರೀನ್‌ಶಾಟ್, ಕಾಂಪ್ಯಾಕ್ಟ್‌ಗೆ ಮುಂಚೆ ಮತ್ತೆ ಆಮೇಲಿನ ಫೈಲ್ ಸೈಜ್, ನಿಮ್ಮ ಎರಡೂ ಬಿಲ್ ಇದರ ಜೊತೆ ಹಾಕಿದ್ದೀನಿ. ಬರೋ 11ನೇ ತಾರೀಖಿಂದ ರಿಟರ್ನ್ ಕೆಲಸ ಶುರುವಾಗುತ್ತೆ, ಅದಕ್ಕೆ ಮುಂಚೆ ಆಗ್ಲೇಬೇಕು. ಯಾರು ಬರ್ತಾರೆ, ಎಷ್ಟು ಗಂಟೆಗೆ ಅಂತ ಶುಕ್ರವಾರದೊಳಗೆ ತಿಳಿಸಿ, ಭಾನುವಾರ ಬೀಗ ತೆಗೆಯೋಕೆ ನಾನೇ ಬರ್ಬೇಕು.

ಇಂತಿ,
ಆಫೀಸ್ ಇನ್‌ಚಾರ್ಜ್, ತುಮಕೂರು