ಕನ್ನಡ–ಇಂಗ್ಲಿಷ್ ಬೈಲಾ, ನೋಟಿಸುಗಳನ್ನು ಇನ್ನು ಟೇಬಲ್‌ನಲ್ಲೇ ಜೋಡಿಸುತ್ತೇವೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಸಂಘದ ಬೈಲಾ, ಮಹಾಸಭೆಯ ನೋಟಿಸು, ಬಾಡಿಗೆ ಕರಾರು ಇವನ್ನು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಇಟ್ಟು ನಮ್ಮಲ್ಲಿ ಅಚ್ಚು ಹಾಕಿಸುವವರಿಗೆ ಈ ಪತ್ರ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಬರುವ ಇಂಥ ಕೆಲಸಗಳನ್ನೆಲ್ಲ ಟೇಬಲ್‌ನಲ್ಲೇ ಜೋಡಿಸುತ್ತೇವೆ. ಒಂದು ಕಲಂಗೆ ಒಂದು ರೋ. ಪುಟದ ರೂಪ ಸ್ವಲ್ಪ ಬದಲಾಗುತ್ತದೆ, ನೀವು ಫೈಲ್ ಕೊಡುವ ರೀತಿಯೂ ಬದಲಾಗಬೇಕು. ಅದಕ್ಕೇ ಕಾರಣ ಸಮೇತ ಬರೆಯುತ್ತಿದ್ದೇವೆ.

ಡಿಟಿಪಿಯಲ್ಲಿ ಇದುವರೆಗಿನ ರೂಢಿ ನಿಮಗೆ ಗೊತ್ತು. ಎರಡು ಕಾಲಂ ಮಾಡಿ, ಎರಡು ಭಾಷೆಯನ್ನೂ ಹರಿಯಬಿಟ್ಟು, ಕಡಿಮೆ ಬಿದ್ದ ಕಡೆ ಎಂಟರ್ ಒತ್ತಿ ಸಮ ಮಾಡುವುದು. ಮೊದಲ ಪ್ರೂಫ್‌ನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಕಾರ್ಯದರ್ಶಿಗಳು ಮೂರನೇ ಕಲಂಗೆ ‘ಲಿಖಿತವಾಗಿ’ ಎಂದು ಒಂದು ಪದ ಸೇರಿಸುತ್ತಾರೆ. ಐದು ಸಾಲು ಆರಾಗುತ್ತದೆ, ಅಲ್ಲಿಂದ ಕೆಳಗಿನ ಕನ್ನಡವೆಲ್ಲ ಒಂದು ಸಾಲು ಇಳಿಯುತ್ತದೆ, ಇಂಗ್ಲಿಷ್ ಇದ್ದಲ್ಲೇ ಇರುತ್ತದೆ. ಇನ್ನೆರಡು ತಿದ್ದುಪಡಿ ಬಿದ್ದರೆ ನಾಲ್ಕನೇ ಪುಟದಲ್ಲಿ ಕನ್ನಡದ 11ನೇ ಕಲಂ ಎದುರಿಗೆ ಇಂಗ್ಲಿಷಿನ 12ನೆಯದು ಕೂತಿರುತ್ತದೆ. ಸ್ಪೇಸ್ ಬಾರ್ ಒತ್ತಿ ಜೋಡಿಸಿದ ಫೈಲ್‌ಗಳದ್ದು ಇನ್ನೂ ಕಷ್ಟ. ಕನ್ನಡದಲ್ಲಿ ‘ರ’ದ ಅಗಲವೇ ಬೇರೆ, ‘ಮ’ದ ಅಗಲವೇ ಬೇರೆ, ಫಾಂಟ್ ಬದಲಾದ ಕ್ಷಣ ಸ್ಪೇಸ್ ಲೆಕ್ಕವೆಲ್ಲ ತಪ್ಪುತ್ತದೆ.

ಅಳತೆಯ ಇನ್ನೊಂದು ತೊಡಕೂ ಇದೆ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಹಾಗಾಗಿ ಕನ್ನಡ ಫಾಂಟ್‌ಗಳು ಸಾಲಿಗೆ ಹೆಚ್ಚು ಎತ್ತರ ಕೇಳುತ್ತವೆ. ವರ್ಡ್‌ನಲ್ಲಿ ಸಾಲಿನ ಅಂತರವನ್ನು `Single` ಎಂದು ಬಿಟ್ಟರೆ ಒಂದೊಂದು ಸಾಲೂ ತನ್ನಲ್ಲಿರುವ ಫಾಂಟ್ ನೋಡಿಕೊಂಡು ಎತ್ತರ ತೆಗೆದುಕೊಳ್ಳುತ್ತದೆ. ಆಗ ಎರಡೂ ಕಡೆ ಹತ್ತು ಹತ್ತು ಸಾಲಿದ್ದರೂ ಕನ್ನಡ ಕೆಳಗೆ ಹೋಗಿ ನಿಲ್ಲುತ್ತದೆ. ಇಂಗ್ಲಿಷಿನ ನಡುವೆ ಊರಿನ ಹೆಸರೊಂದು ಕನ್ನಡದಲ್ಲಿ ಬಂದರೆ ಆ ಒಂದು ಸಾಲು ಮಾತ್ರ ಉಬ್ಬುತ್ತದೆ.

ಅದಕ್ಕೆ ಇನ್ನು ಮುಂದೆ ಎರಡೂ ಕಡೆ ಸಾಲಿನ ಅಂತರ `Exactly` 20 ಪಾಯಿಂಟ್, ಕನ್ನಡ ಅಕ್ಷರ 12, ಇಂಗ್ಲಿಷ್ 11. ಇಪ್ಪತ್ತು ಜಾಸ್ತಿಯಾಯಿತು, ಹದಿನಾಲ್ಕು ಸಾಲದೇ ಎಂದು ಕೇಳುವವರಿದ್ದಾರೆ. ಮೇಲಿನ ಸಾಲಿನಲ್ಲಿ ‘ಜ್ಯೋತ್ಸ್ನಾ’, ಅದರ ನೇರ ಕೆಳಗೆ ‘ಗೀತಾ’ ಬರುವಂತೆ ಟೈಪ್ ಮಾಡಿ ಪ್ರಿಂಟ್ ತೆಗೆದು ನೋಡಿ. ಅಂತರ ಸಾಲದಿದ್ದರೆ ‘ತ್ಸ್ನಾ’ದ ಒತ್ತಿನ ಬಾಲ ಕೆಳಗಿನ ಗುಡಿಸಿಗೆ ತಗಲುತ್ತದೆ, ಇಲ್ಲವೇ ಅಕ್ಷರದ ತಲೆಯೇ ಕತ್ತರಿಸಿದಂತೆ ಕಾಣುತ್ತದೆ. ಬೇರೆ ಫಾಂಟ್ ಬೇಕೆಂದವರಿಗೂ ಮೊದಲು ಈ ಎರಡು ಪದ ಹಾಕಿ ನೋಡಿಯೇ ಅಂತರ ಗೊತ್ತು ಮಾಡುತ್ತೇವೆ.

ಇಷ್ಟಾದ ಮೇಲೂ ಸಾಲಿಗೆ ಸಾಲು ಎದುರುಬದುರು ಬರುವುದಿಲ್ಲ, ಅದನ್ನು ನಾವು ಪ್ರಯತ್ನಿಸುವುದೂ ಇಲ್ಲ. ಇಂಗ್ಲಿಷ್ ವಾಕ್ಯ ‘ಕೂಡದು’ ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತದೆ; ಕನ್ನಡದಲ್ಲಿ ಅದು ಬರುವುದು ಕೊನೆಗೆ. ವಾಕ್ಯದ ನಡುವೆ ಅಕ್ಕಪಕ್ಕ ಬಿದ್ದ ಎರಡು ಸಾಲು ಒಂದೇ ಮಾತು ಹೇಳುತ್ತಿರುವುದಿಲ್ಲ. ಕಲಂ ಶುರುವಾಗುವ ಸಾಲು ಎರಡೂ ಕಡೆ ಒಂದೇ ಮಟ್ಟದಲ್ಲಿದ್ದರೆ ಸಾಕು. ಹೊಂದಿಸಲು ಅರ್ಥವಿರುವುದು ಅಷ್ಟೇ.

ಕೋರಂ ಕುರಿತ ಕಲಂ ತೆಗೆದುಕೊಳ್ಳಿ. ಬಹುತೇಕ ಬೈಲಾಗಳಲ್ಲಿ ಇದು ಮೂರು ಮಾತು: ಕೋರಂ ಎಷ್ಟು, ಅಷ್ಟು ಜನ ಬಾರದಿದ್ದರೆ ಸಭೆ ಏನಾಗಬೇಕು, ಮುಂದೂಡಿದ ಸಭೆಗೆ ಯಾವ ನಿಯಮ. ಮೂರನ್ನೂ ಒಂದೇ ರೋದಲ್ಲಿ ಹಾಕಿದರೆ ಕನ್ನಡ ಹದಿನಾಲ್ಕು ಸಾಲು, ಇಂಗ್ಲಿಷ್ ಹತ್ತು ಆಯಿತೆನ್ನಿ. ‘ಮುಂದೂಡಿದ ಸಭೆ’ ಇಂಗ್ಲಿಷಿನಲ್ಲಿ ಎಲ್ಲಿದೆ ಎಂದು ಓದುವವರು ಹುಡುಕಬೇಕು. ಅದನ್ನೇ (ಅ), (ಆ), (ಇ) ಎಂದು ಮೂರು ರೋ ಮಾಡಿದರೆ ಪ್ರತಿ ರೋದಲ್ಲಿ ವ್ಯತ್ಯಾಸ ಒಂದೆರಡು ಸಾಲಿಗೆ ಇಳಿಯುತ್ತದೆ, ಮುಂದಿನ ರೋ ಮತ್ತೆ ಎರಡೂ ಕಡೆ ಒಂದೇ ಮಟ್ಟದಿಂದ ಶುರುವಾಗುತ್ತದೆ. ‘ಲಿಖಿತವಾಗಿ’ ಸೇರಿಸಿದರೆ ಆ ರೋ ಮಾತ್ರ ಬೆಳೆಯುತ್ತದೆ. ಒಡೆಯುವುದು ವಾಕ್ಯ ಮುಗಿದಲ್ಲಿ ಮಾತ್ರ. ‘ಪರಂತು’ ಎಂದು ಶುರುವಾಗುವ ಭಾಗಕ್ಕೆ ಬೇರೆ ರೋ. ಬೈಲಾದಲ್ಲಿ ಇಲ್ಲದ ಉಪಸಂಖ್ಯೆಯನ್ನು ನಾವಾಗಿ ಸೇರಿಸುವುದಿಲ್ಲ, ಅಂಥ ಕಡೆ ಸಂಖ್ಯೆಯ ಮನೆ ಖಾಲಿ ಇರುತ್ತದೆ.

ಇಂಗ್ಲಿಷಿನ ಕೆಳಗೆ ಅಲ್ಲಲ್ಲಿ ಬಿಳಿ ಜಾಗ ಉಳಿಯುವುದು ಖಂಡಿತ. ಕಡಿಮೆ ಮಾಡಲೆಂದು ಕನ್ನಡದ ಕಾಲಂ ಅಗಲ ಇಟ್ಟಿದ್ದೇವೆ: ಎ4 ಹಾಳೆಯ 210 ಮಿ.ಮೀ.ನಲ್ಲಿ ಎರಡೂ ಕಡೆಯ ಮಾರ್ಜಿನ್ 40 ಕಳೆದರೆ 170. ಅದರಲ್ಲಿ ಸಂಖ್ಯೆಗೆ 12, ಕನ್ನಡಕ್ಕೆ 83, ಇಂಗ್ಲಿಷಿಗೆ 75. `Automatically resize to fit contents` ತೆಗೆದುಹಾಕಿರುತ್ತೇವೆ, ಅದು ಇದ್ದರೆ ‘ಪದಾಧಿಕಾರಿಗಳನ್ನೊಳಗೊಂಡಂತೆ’ಯಂಥ ಒಂದು ಉದ್ದ ಪದ ಬಂದು ಕಾಲಂ ಗೆರೆಯನ್ನೇ ತಳ್ಳಬಹುದು. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬೇಡ. ಇಷ್ಟು ಕಿರಿದಾದ ಕಾಲಂನಲ್ಲಿ ಉದ್ದ ಪದಗಳ ನಡುವೆ ದೊಡ್ಡ ಕಂದರಗಳು ಬೀಳುತ್ತವೆ. ಎಡಕ್ಕೆ ಸಮ ಇದ್ದರೆ ಸಾಕು, ಕಣ್ಣಿಗೂ ಹಿತ.

ಪುಟ ಒಡೆಯುವಲ್ಲಿ `Allow row to break across pages` ಎಂಬುದನ್ನು ತೆಗೆದಿರುತ್ತೇವೆ. ಇಲ್ಲದಿದ್ದರೆ ಇಂಗ್ಲಿಷ್ ಈ ಪುಟದಲ್ಲೇ ಮುಗಿದು ಕನ್ನಡದ ಕೊನೆಯ ಎರಡು ಸಾಲು ಮಾತ್ರ ಮುಂದಿನ ಪುಟಕ್ಕೆ ಹೋಗುತ್ತವೆ. ಅರ್ಧ ಪುಟಕ್ಕಿಂತ ಉದ್ದದ, ಒಡೆಯಲಾಗದ ರೋಗಳಿಗೆ ಮಾತ್ರ ವಿನಾಯಿತಿ.

ಈಗ ನಿಮ್ಮ ಕಡೆಯಿಂದ ಆಗಬೇಕಾದದ್ದು. ಕನ್ನಡವನ್ನು ಯೂನಿಕೋಡ್‌ನಲ್ಲಿ ಕೊಡಿ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದ್ದರೂ ತೆಗೆದುಕೊಳ್ಳುತ್ತೇವೆ, ಆದರೆ ಪರಿವರ್ತಿಸಿದ ಪಠ್ಯವನ್ನು ನೀವು ಒಮ್ಮೆ ಓದಿ ಒಪ್ಪಬೇಕು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ವ್ಯತ್ಯಾಸ ಬರುವುದುಂಟು. ಕನ್ನಡ ಒಂದು ಫೈಲ್, ಇಂಗ್ಲಿಷ್ ಇನ್ನೊಂದು ಫೈಲ್ ಆದರೂ ಪರವಾಗಿಲ್ಲ, ಕಲಂ ಸಂಖ್ಯೆ ಎರಡರಲ್ಲೂ ಒಂದೇ ಇರಲಿ. ಅಕ್ಕಪಕ್ಕ ಕೂರಿಸುವ ಶ್ರಮ ನೀವು ಪಡಬೇಡಿ. ನೀವು ಒತ್ತಿದ ಎಂಟರ್, ಟ್ಯಾಬ್‌ಗಳನ್ನು `Ctrl+Shift+8` ಹಾಕಿ ಒಂದೊಂದಾಗಿ ಹುಡುಕಿ ಅಳಿಸುವುದೇ ಇಲ್ಲಿ ದೊಡ್ಡ ಕೆಲಸವಾಗುತ್ತದೆ. ಟೇಬಲ್ ಮಾಡಿಯೇ ಕೊಡುವವರು ಒಂದು ಮನೆಯಲ್ಲಿ ಒಂದೇ ಕಲಂ ಇಡಿ, ಸಮ ಮಾಡಲೆಂದು ಖಾಲಿ ಸಾಲು ಬೇಡ.

ಪ್ರೂಫ್ ಇನ್ನು ಪಿಡಿಎಫ್‌ನಲ್ಲಿ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಬಂದ ವರ್ಡ್ ಫೈಲನ್ನು ಮೊಬೈಲಿನಲ್ಲಿ ತೆರೆದರೆ, ನಮ್ಮ ಫಾಂಟ್ ಅದರಲ್ಲಿ ಇಲ್ಲದ ಕಾರಣ ಬೇರೊಂದು ಬಂದು ಕೂರುತ್ತದೆ, ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಇರುವುದರಿಂದ ನೀವು ನೋಡುವುದೂ ನಾವು ಅಚ್ಚು ಹಾಕುವುದೂ ಒಂದೇ. ತಿದ್ದುಪಡಿ ಹೇಳುವಾಗ ಪುಟ, ಸಾಲು ಎಣಿಸಬೇಡಿ. ‘ಕಲಂ 14(ಆ), ಕನ್ನಡ’ ಎಂದರೆ ಸಾಕು. ಒಂದು ಭಾಷೆಯಲ್ಲಿ ತಿದ್ದಿದರೆ ಇನ್ನೊಂದರಲ್ಲೂ ತಿದ್ದಬೇಕೇ ಎಂದು ಆ ರೋ ನೋಡಿ ಅಲ್ಲೇ ಕೇಳುತ್ತೇವೆ.

ದರ ಮೊದಲಿನಂತೆ ಪುಟದ ಲೆಕ್ಕವೇ. ಸಾಲಿನ ಅಂತರದಿಂದ ಪುಟಗಳು ಕೊಂಚ ಹೆಚ್ಚಬಹುದು. ಎಷ್ಟಾಗುತ್ತದೆ ಎಂದು ಮೊದಲ ಪ್ರೂಫ್ ಜೊತೆಗೇ ತಿಳಿಸಿ, ನೀವು ಒಪ್ಪಿದ ಮೇಲೆಯೇ ಮುಂದುವರಿಯುತ್ತೇವೆ. ಈಗಾಗಲೇ ಪ್ರೂಫ್ ಹಂತದಲ್ಲಿರುವ ಕೆಲಸಗಳು ಹಳೆಯ ರೀತಿಯಲ್ಲೇ ಮುಗಿಯುತ್ತವೆ. ಹಳೆಯ ಬೈಲಾದ ಮರುಮುದ್ರಣಕ್ಕೆ ಬರುವವರು ಮಾತ್ರ, ಟೇಬಲ್‌ಗೆ ಹಾಕುವ ಕೆಲಸಕ್ಕೆಂದು ಎಂದಿನ ಅವಧಿಗಿಂತ ಎರಡು ದಿನ ಹೆಚ್ಚಿಗೆ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಡಿಟಿಪಿ ವಿಭಾಗದ ಪರವಾಗಿ