ಆಮದಾರ ಸಾಹೇಬರೇ, ಫ್ಲೂ ಸೂಜಿಯನ್ನು ನಿಮ್ಮ ಹುಟ್ಟುಹಬ್ಬಕ್ಕೆ ಹಾಕಿಸಬೇಡಿ

ಆಮದಾರ ಸಾಹೇಬರಿಗೆ, ಅಂದರೆ ನಮ್ಮ ಕ್ಷೇತ್ರದ ಶಾಸಕರಿಗೆ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದಲ್ಲೇ 22 ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿರುವವಳು. ಊರು ಗದಗ, ಮದುವೆಯಾಗಿ ಪುಣೆಗೆ ಬಂದೆ. ಇದೇ ಪತ್ರವನ್ನು ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದಲ್ಲಿ ಇಲ್ಲಿ ಹಾಕುತ್ತಿರುವುದು ಯಾಕೆ ಅಂದರೆ, ರಾಜ್ಯೋತ್ಸವದ ದಿನ ನೀವು ನಮ್ಮ ಸ್ಟೇಜ್ ಮೇಲೆ ಬಂದು ನಿಮ್ಮ ಅಜ್ಜಿಯ ಊರು ನಿಪ್ಪಾಣಿ ಎಂದು ಕನ್ನಡದಲ್ಲೇ ಹೇಳಿದ್ದಿರಿ. ಓದಲು ಬರುತ್ತೋ ಇಲ್ಲವೋ, ಓದಿ ಹೇಳುವವರಂತೂ ಸಿಗುತ್ತಾರೆ. ಮತ್ತೆ ನಿಮ್ಮ ಶಿಬಿರಕ್ಕೆ ಬರುವ ನಮ್ಮವರೂ ಓದಲಿ ಅಂತ.

ವಿಷಯ ನಿಮ್ಮ ಆರೋಗ್ಯ ಶಿಬಿರದ್ದು. ಪ್ರತಿ ಅಕ್ಟೋಬರ್‌ನಲ್ಲಿ ಹುಟ್ಟುಹಬ್ಬಕ್ಕೆ ಮಾಡುತ್ತೀರಲ್ಲ, ಬಿಪಿ, ಶುಗರ್, ಕಣ್ಣು, ಜೊತೆಗೆ 60 ದಾಟಿದವರಿಗೆ ಪುಕ್ಕಟೆ ಫ್ಲೂ ಲಸಿಕೆ. ಹೊರಗೆ ಹಾಕಿಸಿದರೆ ಸಾವಿರದ ಮೇಲಾಗುವ ಸೂಜಿ ಅದು. ಪುಕ್ಕಟೆ ಕೊಡುತ್ತಿರುವುದು ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ತಿಂಗಳಿನದು.

ನಮ್ಮ ಮಾವನವರ ಲೆಕ್ಕ ಹೇಳುತ್ತೇನೆ, ಅರ್ಥವಾಗುತ್ತದೆ. ಅವರಿಗೆ 71, ಸಕ್ಕರೆ ಕಾಯಿಲೆ ಇದೆ. 2024ರ ಅಕ್ಟೋಬರ್ 6, ಭಾನುವಾರ, ನವರಾತ್ರಿಯ ನಾಲ್ಕನೇ ದಿನ, ನಿಮ್ಮ ಶಿಬಿರದಲ್ಲಿ ಹಾಕಿಸಿಕೊಂಡು ಬಂದರು. (ಆ ವರ್ಷ ನವೆಂಬರ್‌ನಲ್ಲಿ ಚುನಾವಣೆ ಇತ್ತು, ಚಹಾ ಬಿಸ್ಕತ್ತು ಜಾಸ್ತಿಯೇ ಇತ್ತು ಅಂದರು.) 2025ರ ಆಗಸ್ಟ್ ಎರಡನೇ ವಾರ ಜ್ವರ, ಮೈಕೈ ನೋವು, ಮೂರನೇ ದಿನ ಉಸಿರಾಟದ ತೊಂದರೆ. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ, ಎಚ್3ಎನ್2 ಎಂದು ಬಂತು, ಫ್ಲೂನ ಒಂದು ಬಗೆ ಅದು. ಐದು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೆ ಅವರು ಕೇಳಿದ ಮೊದಲ ಮಾತು, "ಸೂಜಿ ಹಾಕಿಸಿಕೊಂಡಿದ್ದೆನಲ್ಲ, ಮತ್ತೆ ಯಾಕೆ ಬಂತು?"

ಅಂಗಡಿಯಲ್ಲಿ ಕೂತು ದಿನಕ್ಕೆ ಹತ್ತು ಜನರಿಗೆ ಔಷಧ ವಿವರಿಸುವ ನನಗೆ ಮನೆಯಲ್ಲಿ ಉತ್ತರ ಹೇಳಲು ಒಂದು ನಿಮಿಷ ಬೇಕಾಯಿತು. ಆಮೇಲೆ ಬೆರಳು ಮಡಚಿ ಎಣಿಸಿದೆ. ಲಸಿಕೆ ಹಾಕಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಅಂದರೆ ಅಕ್ಟೋಬರ್ ಕೊನೆ. ಅಲ್ಲಿಂದ ಮುಂದೆ ಆ ರಕ್ಷಣೆ ತಿಂಗಳು ತಿಂಗಳಿಗೆ ಇಳಿಯುತ್ತಾ ಹೋಗುತ್ತದೆ, ವಯಸ್ಸಾದವರಲ್ಲಿ ಇನ್ನೂ ಬೇಗ. ಆರು ತಿಂಗಳು ದಾಟಿದ ಮೇಲೆ ಅದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಏಪ್ರಿಲ್‌ಗೆ ಆರು ತಿಂಗಳು ಆಯಿತು. ಕಾಯಿಲೆ ಬಂದದ್ದು ಹತ್ತನೇ ತಿಂಗಳಲ್ಲಿ. ಇರುವ ಬಲವೆಲ್ಲ ಫ್ಲೂ ಕಡಿಮೆ ಇರುವ ತಿಂಗಳುಗಳಲ್ಲೇ ಕಳೆದು, ಮಳೆಗಾಲ ಶುರುವಾದಾಗ ಕೈ ಖಾಲಿ. ಹೊಸ ಲಸಿಕೆಯಾಗಿದ್ದರೂ ನೂರಕ್ಕೆ ನೂರು ತಡೆಯುವುದಿಲ್ಲ, ಒಳ್ಳೆಯ ವರ್ಷದಲ್ಲೂ ನೂರಕ್ಕೆ 40ರಿಂದ 60 ಅಷ್ಟೇ. ಹಾಗಾಗಿ ಮೇನಲ್ಲಿ ಹಾಕಿಸಿದ್ದರೆ ಮಾವನವರಿಗೆ ಬರುತ್ತಲೇ ಇರಲಿಲ್ಲ ಎಂದು ನಾನು ಆಣೆ ಮಾಡಲಾರೆ. ಆದರೆ ಹತ್ತು ತಿಂಗಳ ಹಳೆಯ ಸೂಜಿಯ ಮೇಲೆ ಅವರನ್ನು ಮಳೆಗಾಲಕ್ಕೆ ಕಳಿಸಿದೆವಲ್ಲ, ಅದು ತಪ್ಪೇ. ನನ್ನದೂ ಸೇರಿ.

ಈ ಅಕ್ಟೋಬರ್ ಎಲ್ಲಿಂದ ಬಂತು ಗೊತ್ತಾ? ಚಳಿ ದೇಶಗಳಿಂದ. ಅಮೆರಿಕ, ಯುರೋಪಿನಲ್ಲಿ ಫ್ಲೂ ಬರುವುದು ಡಿಸೆಂಬರ್‌ನಿಂದ ಫೆಬ್ರವರಿಯ ಸುಮಾರಿಗೆ, ಅದಕ್ಕೆ ಅವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳುತ್ತಾರೆ. ಟಿವಿಯಲ್ಲಿ, ಫೋನಿನಲ್ಲಿ ನೋಡಿ ನಮ್ಮವರೂ ಅದೇ ತಿಂಗಳು ಹಿಡಿದುಕೊಂಡರು. ಆದರೆ ನಮ್ಮ ಪುಣೆಯಲ್ಲಿ ಫ್ಲೂ ಏರುವುದು ಜುಲೈಯಿಂದ ಸೆಪ್ಟೆಂಬರ್. ಇದು ನಾನು ಅಂಗಡಿಯ ಕೆಮ್ಮಿನ ಸಿರಪ್ ಲೆಕ್ಕದಿಂದ ಹೇಳುತ್ತಿರುವ ಮಾತಲ್ಲ. ವೈರಾಣು ಸಂಸ್ಥೆ ಎನ್‌ಐವಿ ಇರುವುದೇ ನಮ್ಮ ಊರಿನಲ್ಲಿ. 2009ರಿಂದ 2013ರವರೆಗೆ ಅವರು ದೇಶದ ಹಲವು ಊರುಗಳಲ್ಲಿ ಗಂಟಲು ಮೂಗಿನ ಸ್ಯಾಂಪಲ್ ತೆಗೆದು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪುಣೆ, ದೆಹಲಿ, ಕೋಲ್ಕತ್ತಾದಲ್ಲಿ ಮಳೆಗಾಲದ ಏರಿಕೆ. ಚೆನ್ನೈ, ವೆಲ್ಲೂರಿನಲ್ಲಿ ಹಿಂಗಾರು ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್, ನವೆಂಬರ್. ಶ್ರೀನಗರದಲ್ಲಿ ಮಾತ್ರ ಜನವರಿಯಿಂದ ಮಾರ್ಚ್. ಹಾಗಾಗಿ ಶ್ರೀನಗರದ ಆಮದಾರರು ಅಕ್ಟೋಬರ್‌ನಲ್ಲಿ ಶಿಬಿರ ಮಾಡಿದರೆ ಸರಿ. ನಮಗೆ ಸರಿಯಾದ ಕಾಲ ಏಪ್ರಿಲ್, ಮೇ.

ಇನ್ನೊಂದು ವಿಷಯ ಲಸಿಕೆಯ ಒಳಗಿನದು. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ಲಸಿಕೆಯಲ್ಲಿ ಫ್ಲೂ ವೈರಾಣುವಿನ ಯಾವ ತಳಿ ಇರಬೇಕೆಂದು ಹೇಳುತ್ತದೆ. ಫೆಬ್ರವರಿ ಹೊತ್ತಿಗೆ ಉತ್ತರ ಗೋಳದ ಲಸಿಕೆಗೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳದ್ದಕ್ಕೆ. ಉತ್ತರದ ಮಾಲು ಅಂಗಡಿಗೆ ಬರುವುದು ಆಗಸ್ಟ್, ಸೆಪ್ಟೆಂಬರ್‌ಗೆ, ಅಷ್ಟರಲ್ಲಿ ನಮ್ಮ ಮಳೆಗಾಲ ಮುಕ್ಕಾಲು ಮುಗಿದಿರುತ್ತದೆ. ದಕ್ಷಿಣದ್ದು ಏಪ್ರಿಲ್ ಆಸುಪಾಸು ಬರುತ್ತದೆ, ಕೆಲವು ವರ್ಷ ಮೇ ಆಗಿಬಿಡುತ್ತದೆ. ಭಾರತ ಭೂಪಟದಲ್ಲಿ ಉತ್ತರ ಗೋಳದಲ್ಲಿದೆ, ನಿಜ. ಆದರೆ ಪುಣೆಯ ಫ್ಲೂ ಕ್ಯಾಲೆಂಡರಿಗೆ ಹೊಂದುವುದು ದಕ್ಷಿಣದ ಲಸಿಕೆ. ಇದನ್ನು ಹೇಳಿದರೆ ಕೆಲವು ಡಾಕ್ಟರುಗಳೂ ನನ್ನ ಮುಖ ನೋಡುತ್ತಾರೆ.

ಮಾವನವರ ಫೈಲಿನಲ್ಲಿ ಆ ದಿನ ಸಿರಿಂಜಿನಿಂದ ಕಿತ್ತು ಅಂಟಿಸಿದ ಸಣ್ಣ ಸ್ಟಿಕ್ಕರ್ ಇನ್ನೂ ಇದೆ. 2024-25, ಎನ್‌ಎಚ್, ಅಂದರೆ ಉತ್ತರ ಗೋಳದ್ದು. ಆ ಲಸಿಕೆಯ ಎಚ್3ಎನ್2 ತಳಿ ಎ/ಥಾಯ್ಲೆಂಡ್/8/2022. ಆದರೆ 2025ರ ದಕ್ಷಿಣ ಗೋಳದ ಲಸಿಕೆಯಲ್ಲಿ ಅದನ್ನು ತೆಗೆದು ಎ/ಕ್ರೊಯೇಷಿಯಾ/10136ಆರ್‌ವಿ/2023 ಎಂಬುದನ್ನು ಹಾಕಿದ್ದರು. ಉಳಿದ ಎಚ್1ಎನ್1, ಬಿ ತಳಿಗಳು ಅವೇ ಇದ್ದವು. ಅಂದರೆ ಮಾವನವರು ಹಾಕಿಸಿಕೊಂಡ ಲಸಿಕೆಯಲ್ಲಿ ಒಂದು ತಳಿ ಹಳೆಯದಾಗಿತ್ತು, ಅವರಿಗೆ ಬಂದದ್ದು ಆ ಗುಂಪಿನದೇ. ತಳಿ ಬದಲಾವಣೆಗಿಂತ ಆ ಹತ್ತು ತಿಂಗಳೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ, ಆದರೆ ಎರಡೂ ಒಂದೇ ಕಡೆಗೆ ತಳ್ಳುತ್ತವೆ. ಈ ಸಲವಂತೂ 2026ರ ದಕ್ಷಿಣ ಗೋಳದ ಲಸಿಕೆಗೆ ಎಚ್1ಎನ್1, ಎಚ್3ಎನ್2 ಎಂಬ ಎರಡೂ ಎ ತಳಿಗಳನ್ನು ಬದಲಿಸಿದ್ದಾರೆ. ಕಳೆದ ಅಕ್ಟೋಬರ್‌ನಲ್ಲಿ ನಿಮ್ಮ ಶಿಬಿರದಲ್ಲಿ ಹಾಕಿಸಿಕೊಂಡವರ ಹತ್ತಿರ ಹಳೆಯವೇ ಇವೆ. ಅವರೂ ಏಪ್ರಿಲ್, ಮೇನಲ್ಲಿ ಹೊಸದನ್ನು ಹಾಕಿಸಿಕೊಳ್ಳಬಹುದು. ಒಂದು ತಿಂಗಳ ಅಂತರ ಇದ್ದರೆ ಸಾಕು, ಅವರದ್ದು ಆಗಲೇ ಆರು ತಿಂಗಳಾಗಿರುತ್ತದೆ.

ಹಾಗಾದರೆ ಯಾವ ವಾರ ಮಾಡೋಣ? ಮೇ ಕೊನೆ ಬೇಡ. ಮೊದಲನೆಯದು, ಮಳೆ ನಮ್ಮನ್ನು ಕೇಳಿ ಬರುವುದಿಲ್ಲ. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ, ಪುಣೆ ಎರಡನ್ನೂ ಮುಟ್ಟಿಬಿಟ್ಟಿತು. ಎರಡನೆಯದು, ಮೇನಲ್ಲಿ ನಮ್ಮ ಜನ ಇಲ್ಲಿ ಇರುವುದೇ ಇಲ್ಲ. ಶಾಲೆಗೆ ರಜೆ ಬಿದ್ದರೆ ಹುಬ್ಬಳ್ಳಿ, ವಿಜಯಪುರ, ಉಡುಪಿ ಅಂತ ಹೊರಟುಬಿಡುತ್ತಾರೆ, ಮದುವೆ ಮುಂಜಿ ಮುಗಿಸಿಕೊಂಡು ಜೂನ್‌ಗೆ ಬರುತ್ತಾರೆ. ಬಂದ ಮೇಲೆ ಪಂಢರಪುರದ ಪಾಲಖಿ ಮೆರವಣಿಗೆ, ಆಮೇಲೆ ಗಣಪತಿ, ಊರೆಲ್ಲ ಒಬ್ಬರ ಮೈ ಮೇಲೆ ಒಬ್ಬರು. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಒದ್ದೆ ಛತ್ರಿ ಹಿಡಿದು ನಿಂತವರನ್ನು ನೆನೆಸಿಕೊಳ್ಳಿ. ಆದ್ದರಿಂದ ಏಪ್ರಿಲ್ ಕೊನೆಯ ಭಾನುವಾರ ಅನ್ನುತ್ತೇನೆ. ಮಕ್ಕಳನ್ನೂ ಸೇರಿಸುವುದಾದರೆ ಈ ದಿನವೇ ಸರಿ, ಯಾಕೆಂದರೆ ಒಂಬತ್ತು ವರ್ಷದ ಒಳಗಿನ ಮಗು ಮೊದಲ ಸಲ ಹಾಕಿಸಿಕೊಳ್ಳುತ್ತಿದ್ದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕು. ಏಪ್ರಿಲ್ ಕೊನೆಗೆ ಒಂದು, ಮೇ ಕೊನೆಗೆ ಇನ್ನೊಂದು. ಎರಡನೆಯದನ್ನು ಊರಿನಲ್ಲೇ ಹಾಕಿಸಬಹುದು, ಚೀಟಿಯಲ್ಲಿ ತಾರೀಖು ಬರೆದುಕೊಟ್ಟರೆ ಆಯಿತು.

ನಿಮ್ಮ ಜನ ಎತ್ತುವ ಒಂದು ಪ್ರಶ್ನೆ ನನಗೆ ಗೊತ್ತು. ಚಳಿಗಾಲದಲ್ಲೂ ಫ್ಲೂ ಬರುತ್ತಲ್ಲ? ಬರುತ್ತದೆ. ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಏರಿಕೆ ಇದೆ. 2015ರ ಎಚ್1ಎನ್1 ಬಂದದ್ದೂ, 2023ರ ಎಚ್3ಎನ್2 ಬಂದದ್ದೂ ಆ ತಿಂಗಳುಗಳಲ್ಲೇ. ಆದರೆ ನಮ್ಮಲ್ಲಿ ವರ್ಷ ವರ್ಷ ತಪ್ಪದೆ ಬರುವುದು ಮಳೆಗಾಲದ್ದು. ಒಂದೇ ಸೂಜಿ ಕೊಡಲು ದುಡ್ಡಿದ್ದರೆ ಅದರ ಮುಂಚೆಯೇ ಕೊಡಬೇಕು. ಹಾಗಂತ ಅಕ್ಟೋಬರ್‌ನಲ್ಲಿ ಯಾರಾದರೂ ಈ ವರ್ಷ ಹಾಕಿಸಿಕೊಂಡೇ ಇಲ್ಲ ಎಂದು ಬಂದರೆ ಬೇಡ ಅನ್ನಬೇಡಿ. ಬಸುರಿಯರಿಗಂತೂ ತಿಂಗಳು ನೋಡುವ ಹಾಗೇ ಇಲ್ಲ. ಆರು ತಿಂಗಳ ಒಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವುದಿಲ್ಲ, ತಾಯಿಯಿಂದ ಬರುವುದೇ ಅದಕ್ಕೆ ರಕ್ಷಣೆ.

ಏಪ್ರಿಲ್ ಶಿಬಿರದಲ್ಲಿ ಕೆಡುವುದು ಬಿಸಿಲಿಂದ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಮಂಡಪದಲ್ಲಿ 40 ಇರುತ್ತದೆ. ಆಗ ಹುಡುಗರು ಏನು ಮಾಡುತ್ತಾರೆ ಎಂದರೆ, ಫ್ರೀಜರ್‌ನಿಂದ ಕಲ್ಲಿನ ಹಾಗಿರುವ ಐಸ್ ಪ್ಯಾಕ್ ತೆಗೆದು ಸೀದಾ ಲಸಿಕೆಯ ಪಕ್ಕ ತುರುಕುತ್ತಾರೆ. ಅದು ಬಿಸಿಗಿಂತ ಕೆಟ್ಟದ್ದು. ಫ್ಲೂ ಲಸಿಕೆ ಒಮ್ಮೆ ಹೆಪ್ಪುಗಟ್ಟಿತೋ, ಬಿಸಾಕಬೇಕು, ಕರಗಿದ ಮೇಲೆ ನೋಡಲು ಸರಿಯಾಗೇ ಕಂಡರೂ. ಪ್ಯಾಕನ್ನು ಹೊರಗಿಟ್ಟು ಮೈಯೆಲ್ಲ ಬೆವರಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಸದ್ದು ಮಾಡಬೇಕು, ಆಮೇಲೆ ಡಬ್ಬಿಗೆ ಇಡಬೇಕು. ಮಂಡಪ ಬಿಟ್ಟು ಯಾವುದಾದರೂ ಶಾಲೆಯ ಕೋಣೆ ತೆಗೆದುಕೊಳ್ಳಿ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿ.

ಮತ್ತೆ ಆರ್ಡರ್. ನಿಮ್ಮ ಕಡೆಯವರು ಪ್ರತಿ ವರ್ಷ ಹದಿನೈದು ದಿನ ಮುಂಚೆ ಫೋನ್ ಮಾಡಿ "ಫ್ಲೂ ಲಸಿಕೆ ಇನ್ನೂರು ಬೇಕು" ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಹಾಗೆ ಕೇಳಿದರೆ ಡೀಲರ್ ಮೊದಲು ಕೊಡುವುದು ಗೋಡೌನಿನಲ್ಲಿ ಉಳಿದ ಹಳೆಯ ಎನ್‌ಎಚ್ ಮಾಲು, ಎಕ್ಸ್‌ಪೈರಿ ಹತ್ತಿರ ಬಂದದ್ದು. ಹಾಗಾಗಿ ಫೆಬ್ರವರಿಯಲ್ಲೇ ಬರವಣಿಗೆಯಲ್ಲಿ ಕೊಡಿ: 2026, ಎಸ್‌ಎಚ್, ಇಷ್ಟು ಡೋಸ್, ಏಪ್ರಿಲ್ 20ರ ಒಳಗೆ. ಎಸ್‌ಎಚ್ ಅಂದರೆ ದಕ್ಷಿಣ ಗೋಳದ್ದು. ಬಂದ ಮಾಲಿನ ಡಬ್ಬಿ ಮೇಲೆ ಈ ಎರಡು ಅಕ್ಷರ ನೋಡಿ ಸಹಿ ಮಾಡಲಿ. ಹೊಸದು ತಡವಾದರೆ ಶಿಬಿರವನ್ನು ಒಂದೆರಡು ವಾರ ಮುಂದೆ ಹಾಕಿ. ಮೇ ಮಧ್ಯದವರೆಗೂ ಬರಲೇ ಇಲ್ಲ ಎಂದರೆ, ಎಕ್ಸ್‌ಪೈರಿ ಮುಗಿಯದ ಹಳೆಯದನ್ನೇ ಹಾಕಿಸಿ, ಏನೂ ಇಲ್ಲದೆ ಮಳೆಗೆ ಇಳಿಯುವುದಕ್ಕಿಂತ ವಾಸಿ.

ಹುಟ್ಟುಹಬ್ಬಕ್ಕೆ ಕಣ್ಣಿನ ಪರೀಕ್ಷೆ, ಶುಗರ್ ಎಲ್ಲ ಇರಲಿ, ಬ್ಯಾನರ್ ಕೂಡ ಇರಲಿ. ಸೂಜಿಯೊಂದನ್ನು ಏಪ್ರಿಲ್‌ಗೆ ತನ್ನಿ. ಆರ್ಡರ್ ಪತ್ರದ ಒಕ್ಕಣೆ ನಾನೇ ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಯ ಅರ್ಜಿಗೆ ಪಿನ್ ಮಾಡಿದ್ದೇನೆ, ನಿಮ್ಮ ಪಿಎ ಡೋಸ್ ಸಂಖ್ಯೆ ತುಂಬಿಸಿದರೆ ಸಾಕು. ಮಾವನವರ ಹೆಸರನ್ನು ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಬರುತ್ತಾರೆ, ನಾನು ಕೇಳಿದ್ದೇನೆ. ಚಹಾ ಇರುತ್ತಾ ಅಂತ ಅವರು ಕೇಳಿದ್ದಾರೆ.

ನಿಮ್ಮ ಕ್ಷೇತ್ರದ ಒಬ್ಬ ಮೆಡಿಕಲ್ ಅಂಗಡಿಯವಳು
ಪುಣೆ